ಪಾದ ನೆಲದಲ್ಲಿರುವಷ್ಟು ಹೊತ್ತು

(ಕಲಬುರಗಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಓಟದ ಅಭ್ಯಾಸ ಮಾಡುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ.)

ಎರಡು ಓಟಗಳಿಂದ ಶುರು ಮಾಡೋಣ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. 2023ರಲ್ಲಿ ಶಿಕಾಗೋದಲ್ಲಿ ಕೆನ್ಯಾದ ಕೆಲ್ವಿನ್ ಕಿಪ್ಟಮ್ 42.195 ಕಿಲೋಮೀಟರ್ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಮುಗಿಸಿದರು. ಈ ದೂರ ಎಷ್ಟು ಅಂದರೆ, ಇಲ್ಲಿಂದ ಆಳಂದ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಲೆಕ್ಕ ಹಾಕಿದರೆ ಕಿಪ್ಟಮ್‌ಗೆ ಪ್ರತಿ 100 ಮೀಟರಿಗೆ 17 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿದಿದೆ.

17 ಸೆಕೆಂಡಿನಲ್ಲಿ 100 ಮೀಟರ್ ಓಡುವುದು ನಿಮ್ಮಲ್ಲಿ ಬಹಳ ಜನಕ್ಕೆ ಕಷ್ಟವಲ್ಲ. ಹೈಸ್ಕೂಲ್ ಹುಡುಗರೂ ಓಡುತ್ತಾರೆ. ಆದರೆ ಅದನ್ನು ನಿಲ್ಲದೆ 420 ಸಲ ಮಾಡಬೇಕು. ಬೋಲ್ಟ್‌ಗೂ ಅದು ಸಾಧ್ಯವಿರಲಿಲ್ಲ. ಹಾಗೆಯೇ ಕಿಪ್ಟಮ್ ಎಷ್ಟೇ ಅಭ್ಯಾಸ ಮಾಡಿದ್ದರೂ 9.58ರ ಹತ್ತಿರಕ್ಕೂ ಬರುತ್ತಿರಲಿಲ್ಲ. ಇಬ್ಬರ ಕಾಲಲ್ಲೂ ಇರುವುದು ಅವೇ ಸ್ನಾಯುಗಳು, ಅವೇ ಮೂಳೆಗಳು. ಹಾಗಾದರೆ ವ್ಯತ್ಯಾಸ ಎಲ್ಲಿದೆ?

"ಸ್ಪ್ರಿಂಟರ್‌ಗೆ ಬಲ ಜಾಸ್ತಿ, ಮ್ಯಾರಥಾನ್ ಓಟಗಾರನಿಗೆ ದಮ್ಮು ಜಾಸ್ತಿ" ಅನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ಇದು ಪೂರ್ತಿ ಸುಳ್ಳಲ್ಲ. ಆದರೆ ಇದರಿಂದ ಏನೂ ತಿಳಿಯುವುದಿಲ್ಲ. ನಾನು ಇವತ್ತು ಬೇರೆ ದಾರಿಯಿಂದ ಬರುತ್ತೇನೆ. ಓಡುವಾಗ ಒಂದು ಪಾದ ನೆಲದ ಮೇಲೆ ಎಷ್ಟು ಹೊತ್ತು ಇರುತ್ತದೆ? ಅದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗೇ ಬಿಚ್ಚಿಕೊಳ್ಳುತ್ತದೆ.

ಒಳ್ಳೆಯ ಸ್ಪ್ರಿಂಟರ್ ಪೂರ್ತಿ ವೇಗದಲ್ಲಿದ್ದಾಗ ಅವನ ಪಾದ ನೆಲಕ್ಕೆ ತಾಗಿ ಮೇಲೇಳುವುದರೊಳಗೆ ಸುಮಾರು 0.09 ಸೆಕೆಂಡ್ ಆಗಿರುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗವೂ ಅಲ್ಲ. ದೊಡ್ಡ ಮ್ಯಾರಥಾನ್ ಓಟಗಾರರಿಗೆ ಅವರ ಓಟದ ವೇಗದಲ್ಲಿ ಇದು 0.15ರಿಂದ 0.2 ಸೆಕೆಂಡ್. ನೋಡೋಕೆ ಸಣ್ಣ ವ್ಯತ್ಯಾಸ, ಆದರೆ ಹೆಚ್ಚುಕಮ್ಮಿ ಎರಡರಷ್ಟು.

ಇಲ್ಲಿ ಒಂದು ವಿಷಯ ನನಗೆ ಮೊದಲ ಸಲ ಓದಿದಾಗ ನಂಬಲು ಕಷ್ಟವಾಗಿತ್ತು. ವೇಗದ ಓಟಗಾರ ಕಾಲನ್ನು ಗಾಳಿಯಲ್ಲಿ ಬೇಗ ಬೇಗ ಬೀಸುತ್ತಾನೆ, ಅದಕ್ಕೇ ಅವನು ಮುಂದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? 2000ದಲ್ಲಿ ಪೀಟರ್ ವೇಯಾಂಡ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ಮಟ್ಟದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದರು. ಪ್ರತಿಯೊಬ್ಬರೂ ತಮ್ಮ ತಮ್ಮ ಪೂರ್ತಿ ವೇಗದಲ್ಲಿದ್ದಾಗ, ಎತ್ತಿದ ಕಾಲನ್ನು ಮತ್ತೆ ಮುಂದಿಡಲು ತೆಗೆದುಕೊಂಡ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವೇಗದವರು ಬೇರೆಯಾಗಿದ್ದದ್ದು ನೆಲವನ್ನು ಒತ್ತುವುದರಲ್ಲಿ. ಅತಿ ಕಡಿಮೆ ಹೊತ್ತಿನಲ್ಲಿ ಅವರು ಅತಿ ಜಾಸ್ತಿ ಬಲ ಹಾಕುತ್ತಿದ್ದರು.

ಅಂದರೆ ಸ್ಪ್ರಿಂಟಿನಲ್ಲಿ ಎಷ್ಟು ಬಲ ಇದೆ ಅನ್ನುವುದಷ್ಟೇ ಸಾಲದು. ಆ ಬಲ 0.09 ಸೆಕೆಂಡಿನೊಳಗೆ ಬಂದು, ಕೆಲಸ ಮಾಡಿ, ಹೋಗಬೇಕು. ತಡವಾಗಿ ಬಂದ ಬಲಕ್ಕೆ ಬೆಲೆ ಇಲ್ಲ. ಅಷ್ಟೊತ್ತಿಗೆ ಪಾದ ಗಾಳಿಯಲ್ಲಿರುತ್ತದೆ.

ಈಗ ಸ್ನಾಯುವಿನ ಒಳಗೆ ಹೋಗೋಣ. ಸ್ನಾಯು ಅಂದರೆ ಕೂದಲಿನಷ್ಟು ತೆಳ್ಳಗಿನ ಲಕ್ಷಗಟ್ಟಲೆ ಎಳೆಗಳ ಕಟ್ಟು. ಈ ಎಳೆಗಳಲ್ಲಿ ಎರಡು ದೊಡ್ಡ ಜಾತಿಗಳಿವೆ. ಸ್ಲೋ ಟ್ವಿಚ್, ಅಂದರೆ ನಿಧಾನ ಎಳೆ. ಫಾಸ್ಟ್ ಟ್ವಿಚ್, ಅಂದರೆ ವೇಗದ ಎಳೆ. ವೇಗದ ಎಳೆಗಳಲ್ಲಿ ಮತ್ತೆ ಎರಡು ಬಗೆ, 2ಎ ಮತ್ತು 2ಎಕ್ಸ್. ಎಲ್ಲಕ್ಕಿಂತ ವೇಗದ್ದು 2ಎಕ್ಸ್. 2ಎ ನಡುವಿನದ್ದು. ಅದಕ್ಕೆ ವೇಗವೂ ಇದೆ, ಸ್ವಲ್ಪ ತಾಳಿಕೆಯೂ ಇದೆ.

ನಾಟಿ ಕೋಳಿ ತಿನ್ನುವವರಿಗೆ ಇದು ಗೊತ್ತಿರುವ ವಿಷಯವೇ, ಸಸ್ಯಾಹಾರಿಗಳು ಕ್ಷಮಿಸಬೇಕು. ಕೋಳಿಯ ಎದೆಯ ಮಾಂಸ ಬೆಳ್ಳಗಿರುತ್ತದೆ, ಕಾಲಿನದ್ದು ಕಂದು ಕೆಂಪು. ಕೋಳಿ ದಿನವಿಡೀ ಓಡಾಡುತ್ತದೆ, ಆದರೆ ರೆಕ್ಕೆ ಬಡಿಯುವುದು ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ. ಕಾಲಿನಲ್ಲಿ ನಿಧಾನ ಎಳೆಗಳು ಜಾಸ್ತಿ, ಎದೆಯಲ್ಲಿ ವೇಗದವು ಜಾಸ್ತಿ. ಕೆಂಪು ಬಣ್ಣ ಬರುವುದು ಮಯೋಗ್ಲೋಬಿನ್ ಅನ್ನುವ ವಸ್ತುವಿನಿಂದ. ಅದು ಎಳೆಯೊಳಗೆ ಆಕ್ಸಿಜನ್ ಹಿಡಿದಿಡುತ್ತದೆ. ಮನುಷ್ಯರಲ್ಲಿ ಹೀಗೆ ಜಾಗ ಜಾಗಕ್ಕೆ ಬೇರೆ ಮಾಡಿಟ್ಟಿಲ್ಲ. ಒಂದೇ ಸ್ನಾಯುವಿನಲ್ಲಿ ಎರಡೂ ಪಕ್ಕಪಕ್ಕ ಕಲೆತು ಕೂತಿರುತ್ತವೆ. ಎಷ್ಟಕ್ಕೆ ಎಷ್ಟು ಅನ್ನುವುದು ಮಾತ್ರ ಒಬ್ಬರಿಂದೊಬ್ಬರಿಗೆ ಬೇರೆ.

ಒಂದು ಎಳೆ ವೇಗದ್ದು ಆಗುವುದು ಯಾಕೆ? ಎಳೆಯೊಳಗೆ ಮಯೋಸಿನ್ ಅನ್ನುವ ಪ್ರೋಟೀನ್ ಇದೆ. ಅದರ ಸಣ್ಣ ಸಣ್ಣ ತಲೆಗಳು ಪಕ್ಕದ ತಂತುವನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಪ್ರತಿ ಸುತ್ತಿಗೂ ಒಂದು ಎಟಿಪಿ ಖರ್ಚು. ಎಟಿಪಿ ಅಂದರೆ ಸ್ನಾಯು ನೇರವಾಗಿ ಬಳಸುವ ಇಂಧನದ ಕಣ. ವೇಗದ ಎಳೆಯ ಮಯೋಸಿನ್ ಎಟಿಪಿಯನ್ನು ಬೇಗ ಒಡೆಯುತ್ತದೆ, ಆದ್ದರಿಂದ ಬೇಗ ಬೇಗ ಹಿಡಿದು ಬಿಡುತ್ತದೆ. ನಿಧಾನ ಎಳೆಯದ್ದು ಒಂದು ಸಲ ಹಿಡಿದರೆ ಹೆಚ್ಚು ಹೊತ್ತು ಹಿಡಿದೇ ಇರುತ್ತದೆ. ಒಂದು ನರದ ಸಂಕೇತ ಬಂದ ಮೇಲೆ ಸೆಳೆತ ತುದಿ ಮುಟ್ಟಲು ವೇಗದ ಎಳೆಗೆ ಸುಮಾರು 0.05 ಸೆಕೆಂಡ್ ಬೇಕು. ನಿಧಾನ ಎಳೆಗೆ 0.1 ಸೆಕೆಂಡಿನ ಆಸುಪಾಸು.

ಈಗ ಪಾದದ ಲೆಕ್ಕವನ್ನು ಪಕ್ಕದಲ್ಲಿಡಿ. ಸ್ಪ್ರಿಂಟರ್ ಹತ್ತಿರ ಇರುವುದು 0.09 ಸೆಕೆಂಡ್. ನಿಧಾನ ಎಳೆ ತನ್ನ ಪೂರ್ತಿ ಸೆಳೆತಕ್ಕೆ ಬರುವ ಹೊತ್ತಿಗೆ ಆಟ ಮುಗಿದಿರುತ್ತದೆ. ನಿಜ ಹೇಳಬೇಕೆಂದರೆ ಓಟದಲ್ಲಿ ಪಾದ ನೆಲ ಮುಟ್ಟುವ ಮೊದಲೇ ನರ ಸಂಕೇತ ಕಳಿಸಿ ಸ್ನಾಯುವನ್ನು ಸ್ವಲ್ಪ ಬಿಗಿ ಮಾಡಿರುತ್ತದೆ. ಹಿಮ್ಮಡಿಯ ಸ್ನಾಯುರಜ್ಜು ಕೂಡ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಆದ್ದರಿಂದ ಲೆಕ್ಕ ನಾನು ಹೇಳಿದಷ್ಟು ನೇರ ಇಲ್ಲ. ಆದರೂ ದಿಕ್ಕು ಅದೇ.

ಇನ್ನೊಂದು ಮಾತು, ಇದನ್ನು ಕೋಚ್‌ಗಳೂ ಮರೆಯುತ್ತಾರೆ. ಬೇಗ ಬಿಗಿಯುವುದು ಎಷ್ಟು ಮುಖ್ಯವೋ, ಬೇಗ ಸಡಿಲಾಗುವುದೂ ಅಷ್ಟೇ ಮುಖ್ಯ. ಸಂಕೇತ ಬಂದಾಗ ಎಳೆಯೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಸಡಿಲಾಗಬೇಕಾದರೆ ಅದನ್ನು ಮತ್ತೆ ಗೂಡಿಗೆ ತುಂಬಬೇಕು. ವೇಗದ ಎಳೆಯಲ್ಲಿ ಈ ತುಂಬುವ ಪಂಪುಗಳು ಜಾಸ್ತಿ ಮತ್ತು ಚುರುಕು. ನಿಧಾನ ಎಳೆ ಹಾಗೆ ತಟ್ಟನೆ ಬಿಡುವುದಿಲ್ಲ. ತೊಡೆಯ ಮುಂಭಾಗದ ಸ್ನಾಯು ಇನ್ನೂ ಬಿಗಿಯಾಗಿರುವಾಗಲೇ ಹಿಂಭಾಗದ್ದು ಎಳೆಯಲು ಶುರು ಮಾಡಿದರೆ, ನಮ್ಮ ಕಾಲೇ ನಮಗೆ ಬ್ರೇಕು.

ಇಲ್ಲೊಂದು ತಪ್ಪು ತಿಳುವಳಿಕೆ ಇದೆ. ವೇಗದ ಎಳೆ ಅಂದರೆ ಭಾರೀ ಬಲದ ಎಳೆ ಅಂತ. ಎರಡೂ ಎಳೆಗಳ ದಪ್ಪಕ್ಕೆ ತಕ್ಕಂತೆ ಲೆಕ್ಕ ಮಾಡಿದರೆ ಸುಮ್ನೆ ಬಿಗಿಹಿಡಿಯುವ ಬಲದಲ್ಲಿ ದೊಡ್ಡ ಅಂತರ ಇಲ್ಲ. ಅಂತರ ಇರುವುದು ವೇಗದಲ್ಲಿ. ಬಲವನ್ನು ವೇಗದಿಂದ ಗುಣಿಸಿದಾಗ ಬರುವ ಪವರ್‌ನಲ್ಲಿ ಮಾತ್ರ ವೇಗದ ಎಳೆ ಹಲವು ಪಟ್ಟು ಮುಂದೆ.

ಇಷ್ಟು ಒಳ್ಳೆಯದಾದರೆ ಎಲ್ಲರಿಗೂ ಬರೀ ವೇಗದ ಎಳೆಗಳೇ ಯಾಕಿಲ್ಲ? ಖರ್ಚು. ಬೇಗ ಬೇಗ ಹಿಡಿದು ಬಿಡುವ ಮಯೋಸಿನ್ ಬೇಗ ಬೇಗ ಎಟಿಪಿ ತಿನ್ನುತ್ತದೆ. ಅದೇ ಬಿಗಿತವನ್ನು ಅಷ್ಟೇ ಹೊತ್ತು ಹಿಡಿಯಲು ನಿಧಾನ ಎಳೆಗೆ ಬಹಳ ಕಡಿಮೆ ಸಾಕು. ಜೊತೆಗೆ ನಿಧಾನ ಎಳೆಯಲ್ಲಿ ಎಟಿಪಿ ತಯಾರಿಸುವ ಮೈಟೋಕಾಂಡ್ರಿಯಾ ಜಾಸ್ತಿ, ಸುತ್ತಲೂ ಸಣ್ಣ ರಕ್ತನಾಳಗಳೂ ಜಾಸ್ತಿ. ಅದು ಆಕ್ಸಿಜನ್ ಬಳಸಿ ಕೊಬ್ಬನ್ನೂ ಉರಿಸಬಲ್ಲದು. 2ಎಕ್ಸ್ ಎಳೆ ಹಾಗಲ್ಲ. ಅದರ ಹತ್ತಿರ ಫಾಸ್ಫೋಕ್ರಿಯಾಟಿನ್ ಅನ್ನುವ ಕೈಗಾಸು ಇದೆ, ಕೆಲವೇ ಸೆಕೆಂಡಿನಷ್ಟು. ಆಮೇಲೆ ಗ್ಲೈಕೋಜನ್ನನ್ನು, ಅಂದರೆ ಸ್ನಾಯುವಿನಲ್ಲೇ ಕೂಡಿಟ್ಟ ಸಕ್ಕರೆಯನ್ನು, ಅವಸರದಲ್ಲಿ ಒಡೆಯುತ್ತದೆ. ಸ್ವಲ್ಪ ಹೊತ್ತಿಗೇ ಸುಸ್ತು. ಬೋಲ್ಟ್‌ನ ಬರ್ಲಿನ್ ಓಟದಲ್ಲೇ ನೋಡಿ. 60ರಿಂದ 80 ಮೀಟರ್ ನಡುವಿನ 20 ಮೀಟರಿಗೆ 1.61 ಸೆಕೆಂಡ್, ಕೊನೆಯ 20 ಮೀಟರಿಗೆ 1.66. ವಿಶ್ವದಾಖಲೆಯ ಓಟದಲ್ಲೂ ಕೊನೆಗೆ ವೇಗ ಇಳಿದಿದೆ. ಸ್ಪ್ರಿಂಟಿನ ಕೊನೆಯಲ್ಲಿ ಯಾರೂ ವೇಗ ಏರಿಸುವುದಿಲ್ಲ. ಕಡಿಮೆ ಇಳಿದವನು ಮುಂದೆ ಹೋದಂತೆ ಕಾಣುತ್ತಾನೆ, ಅಷ್ಟೇ.

ಮ್ಯಾರಥಾನಿಗೆ ಬರೋಣ. ಇಲ್ಲಿ ಯಾವ ಎಳೆ ಇದೆ ಅನ್ನುವುದಕ್ಕಿಂತ ಯಾವ ಎಳೆಯನ್ನು ಯಾವಾಗ ಕರೆಯುತ್ತಾರೆ ಅನ್ನುವುದು ಮುಖ್ಯ. ಒಂದು ನರಕೋಶ ಒಂದಷ್ಟು ಎಳೆಗಳನ್ನು ನಡೆಸುತ್ತದೆ, ಮತ್ತು ಅದರ ಕೈಕೆಳಗಿನ ಎಳೆಗಳೆಲ್ಲ ಒಂದೇ ಜಾತಿಯವು. ಎಲ್ವುಡ್ ಹೆನೆಮನ್ ಅನ್ನುವ ವಿಜ್ಞಾನಿ 1950 ಮತ್ತು 60ರ ದಶಕಗಳಲ್ಲಿ ತೋರಿಸಿಕೊಟ್ಟದ್ದು ಏನೆಂದರೆ, ಮೊದಲು ಎಚ್ಚರವಾಗುವುದು ಸಣ್ಣ ನರಕೋಶಗಳು. ಅವು ನಡೆಸುವುದು ನಿಧಾನ ಎಳೆಗಳನ್ನು. ಬೇಡಿಕೆ ಏರಿದಂತೆ 2ಎ. ಕೊನೆಗೆ 2ಎಕ್ಸ್. ಅಪ್ಪನ ಕೆರೆಯ ದಂಡೆಯ ಮೇಲೆ ಸಂಜೆ ವಾಕಿಂಗ್ ಮಾಡುವವರು ತಮ್ಮ 2ಎಕ್ಸ್ ಎಳೆಗಳನ್ನು ತಿಂಗಳುಗಟ್ಟಲೆ ಎಬ್ಬಿಸುವುದೇ ಇಲ್ಲ. ಸ್ಪ್ರಿಂಟಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಎದ್ದಿರುತ್ತವೆ, ನಿಧಾನ ಎಳೆಗಳೂ ಸೇರಿ.

ಈಗ 60 ಕೆಜಿ ತೂಕದ ಒಬ್ಬ ಓಟಗಾರನನ್ನು ತೆಗೆದುಕೊಳ್ಳಿ. ಓಟಕ್ಕೆ ಒಂದು ಕೆಜಿ ತೂಕಕ್ಕೆ, ಒಂದು ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲರಿ ಖರ್ಚು. ಮ್ಯಾರಥಾನಿಗೆ ಸುಮಾರು 2,500. ಅವನ ಸ್ನಾಯುಗಳಲ್ಲಿ 400 ಗ್ರಾಂ ಗ್ಲೈಕೋಜನ್ ಇದೆ ಅನ್ನೋಣ. ಅದರಿಂದ ಸಿಗುವುದು 1,600. ಅದರಲ್ಲೂ ಕೈಯಲ್ಲಿ, ಬೆನ್ನಲ್ಲಿ ಇರುವ ಗ್ಲೈಕೋಜನ್ ಕಾಲಿಗೆ ಬರುವುದಿಲ್ಲ. ಉಳಿದದ್ದನ್ನು ಕೊಬ್ಬಿನಿಂದ ಮತ್ತು ದಾರಿಯಲ್ಲಿ ಕುಡಿದ ಸಕ್ಕರೆ ನೀರಿನಿಂದ ತುಂಬಿಸಬೇಕು.

ಮೊದಲ 20 ಕಿಲೋಮೀಟರಿನಲ್ಲಿ ಹೆಚ್ಚಿನ ಕೆಲಸ ನಿಧಾನ ಎಳೆಗಳದ್ದು. 1970ರ ದಶಕದಲ್ಲಿ ಫಿಲಿಪ್ ಗಾಲ್ನಿಕ್ ಮತ್ತು ಜೊತೆಗಾರರು ಸೈಕಲ್ ತುಳಿಯುವವರ ತೊಡೆಯಿಂದ ನಡುನಡುವೆ ಚೂರು ತೆಗೆದು, ಗ್ಲೈಕೋಜನ್‌ಗೆ ಬಣ್ಣ ಹಿಡಿಸಿ ನೋಡಿದರು. ಹಿಡಿತದ ವೇಗದಲ್ಲಿ ತುಳಿದಾಗ ನಿಧಾನ ಎಳೆಗಳು ಮೊದಲು ಬಣ್ಣ ಕಳೆದುಕೊಂಡವು. ವೇಗದವು ಆಮೇಲೆ. ಓಟದಲ್ಲೂ ಇದೇ. 30 ಕಿಲೋಮೀಟರ್ ದಾಟುವ ಹೊತ್ತಿಗೆ ಹಲವು ನಿಧಾನ ಎಳೆಗಳು ಬರಿದಾಗಿವೆ. ಅದೇ ವೇಗ ಕಾಯ್ದುಕೊಳ್ಳಬೇಕಾದರೆ ನರ ಹೊಸಬರನ್ನು ಕರೆಯಬೇಕು. ಬರುವುದು 2ಎ ಎಳೆಗಳು. ಅವು ಅದೇ ಕೆಲಸಕ್ಕೆ ಜಾಸ್ತಿ ತಿನ್ನುತ್ತವೆ. ಗಡಿಯಾರದಲ್ಲಿ ವೇಗ ಬದಲಾಗಿಲ್ಲ, ಆದರೆ ಉಸಿರು ಏರುತ್ತದೆ, ಎದೆಬಡಿತ ಏರುತ್ತದೆ, ಕಾಲು ಮರಗಟ್ಟಿದಂತೆ ಆಗುತ್ತದೆ. ಇದೇ ಓಟಗಾರರು ಹೇಳುವ ಗೋಡೆ. ನಮ್ಮ ಕಡೆಯ ಬಿಸಿಲು ಇದನ್ನು ಇನ್ನೂ ಬೇಗ ಎಳೆದು ತರುತ್ತದೆ. ಯಾಕೆಂದರೆ ಮೈ ಬಿಸಿಯಾದಷ್ಟೂ ಗ್ಲೈಕೋಜನ್ ಬೇಗ ಖರ್ಚಾಗುತ್ತದೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಲಾಂಗ್ ರನ್ ಶುರು ಮಾಡಿ 'ಇವತ್ತು ದಮ್ಮು ಬರಲಿಲ್ಲ' ಅನ್ನುವವರು ಗಡಿಯಾರ ನೋಡಿಕೊಳ್ಳಬೇಕು.

ದೊಡ್ಡ ಓಟಗಾರರ ಸ್ನಾಯು ತೆಗೆದು ನೋಡಿದ್ದಾರಾ? ನೋಡಿದ್ದಾರೆ. ಡೇವಿಡ್ ಕಾಸ್ಟಿಲ್ 1976ರಲ್ಲಿ 14 ಮಂದಿ ಅಗ್ರ ದೂರದ ಓಟಗಾರರ ಮೀನಖಂಡದಲ್ಲಿ ಸರಾಸರಿ ಶೇ. 79 ನಿಧಾನ ಎಳೆ ಕಂಡರು. ಸ್ಪ್ರಿಂಟರ್‌ಗಳಲ್ಲಿ ಅದು ಕಾಲುಭಾಗದಷ್ಟು ಮಾತ್ರ. ಸಾಮಾನ್ಯ ಜನರಲ್ಲಿ ಹೆಚ್ಚುಕಮ್ಮಿ ಅರ್ಧಕ್ಕರ್ಧ, ಆದರೆ ಹರವು ದೊಡ್ಡದು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 60 ಮೀಟರ್ ಹರ್ಡಲ್ಸ್ ವಿಶ್ವ ಚಾಂಪಿಯನ್ ಒಬ್ಬರ ತೊಡೆಯಲ್ಲಿ ಶೇ. 71 ವೇಗದ ಎಳೆ ಸಿಕ್ಕಿತು. ಅದರಲ್ಲಿ ಶುದ್ಧ 2ಎಕ್ಸ್ ಒಂದೇ ಶೇ. 24. ನಮ್ಮಂಥವರಲ್ಲಿ ಶುದ್ಧ 2ಎಕ್ಸ್ ಸಾಮಾನ್ಯವಾಗಿ ಬಹಳ ಕಡಿಮೆ.

ಆದರೆ ಕಾಸ್ಟಿಲ್ ಅಂಕಿಗಳನ್ನು ಓದುವಾಗ ಹುಷಾರಾಗಿರಬೇಕು. ಈಗಾಗಲೇ ಗೆದ್ದವರನ್ನು ನೋಡಿ ಬಂದ ಲೆಕ್ಕ ಅದು. ನಿಧಾನ ಎಳೆ ಹುಟ್ಟಿನಿಂದ ಜಾಸ್ತಿ ಇದ್ದದ್ದಕ್ಕೆ ಅವರು ಮ್ಯಾರಥಾನಿಗೆ ಬಂದರಾ, ಅಥವಾ ವರ್ಷಗಟ್ಟಲೆ ಓಡಿದ್ದಕ್ಕೆ ಜಾಸ್ತಿಯಾಯಿತಾ? ಆ ಅಂಕಿ ಹೇಳುವುದಿಲ್ಲ.

ಇದಕ್ಕೆ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಸಾಕ್ಷಿ ಒಂದು ಅವಳಿ ಜೋಡಿಯದ್ದು. ಒಂದೇ ತದ್ರೂಪಿನ ಅಣ್ಣ ತಮ್ಮ, ವಯಸ್ಸು ಐವತ್ತು ದಾಟಿತ್ತು. ಒಬ್ಬರು ಮೂವತ್ತು ವರ್ಷ ದೂರದ ಓಟ ಓಡಿದವರು. ಇನ್ನೊಬ್ಬರು ವ್ಯಾಯಾಮದ ಗೋಜಿಗೆ ಹೋಗದವರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಓಡಿದವರ ತೊಡೆಯಲ್ಲಿ ನಿಧಾನ ಎಳೆ ಸುಮಾರು ಶೇ. 95, ಓಡದವರಲ್ಲಿ ಶೇ. 40. ಜೀನ್ ಒಂದೇ, ಸ್ನಾಯು ಬೇರೆ. ಒಂದೇ ಜೋಡಿ ಅಂತ ನೆನಪಿರಲಿ. ಆದರೂ 'ಎಳೆ ಹುಟ್ಟಿನಿಂದ ಬಂದದ್ದು, ಬದಲಾಗಲ್ಲ' ಅಂತ ಇನ್ನೂ ಹೇಳುವವರಿಗೆ ಇದು ನುಂಗಲಾಗದ ತುತ್ತು.

ಬದಲಾವಣೆಗೆ ಆಜ್ಞೆ ಬರುವುದು ನರದಿಂದ ಅಂತ ಇದಕ್ಕೂ ಎಷ್ಟೋ ಮೊದಲೇ ಗೊತ್ತಾಗಿತ್ತು. 1960ರಲ್ಲಿ ಬುಲ್ಲರ್ ಮತ್ತು ಎಕಲ್ಸ್ ತಂಡ ಬೆಕ್ಕಿನ ನಿಧಾನ ಸ್ನಾಯುವಿನ ನರವನ್ನು ವೇಗದ ಸ್ನಾಯುವಿಗೂ, ಅದರದ್ದನ್ನು ಇದಕ್ಕೂ ಅದಲುಬದಲು ಮಾಡಿ ಹೊಲಿದರು. ದಿನ ಕಳೆದಂತೆ ವೇಗದ ಸ್ನಾಯು ನಿಧಾನವಾಯಿತು, ನಿಧಾನದ್ದು ಚುರುಕಾಯಿತು.

ಆದರೆ ಅಭ್ಯಾಸದಿಂದ ಎಲ್ಲ ಬದಲಾವಣೆಯೂ ಒಂದೇ ಸುಲಭದಲ್ಲಿ ಆಗುವುದಿಲ್ಲ. 2ಎಕ್ಸ್ 2ಎ ಆಗುವುದು ಸುಲಭ, ಕೆಲವೇ ವಾರಗಳಲ್ಲಿ ಆಗುತ್ತದೆ. ಯಾವುದೇ ಕಠಿಣ ಅಭ್ಯಾಸ ಮಾಡಿದರೂ ಆಗುತ್ತದೆ, ಭಾರ ಎತ್ತಿದರೂ, ಓಡಿದರೂ. ವೇಗದ ಎಳೆ ನಿಧಾನ ಎಳೆಯಾಗಬೇಕಾದರೆ ವರ್ಷಗಳು ಬೇಕು. ನಿಧಾನ ಎಳೆಯನ್ನು ವೇಗದ್ದು ಮಾಡುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೇ ಸ್ಪ್ರಿಂಟರ್‌ನನ್ನು ಹುಡುಕಬೇಕಾಗುತ್ತದೆ, ಮ್ಯಾರಥಾನ್ ಓಟಗಾರನನ್ನು ಬಹುಮಟ್ಟಿಗೆ ಬೆಳೆಸಬಹುದು. ಇದು ನನ್ನ ಅಭಿಪ್ರಾಯ, ಒಪ್ಪದ ಕೋಚ್‌ಗಳೂ ಇದ್ದಾರೆ.

ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: "ಸರ್, ನಂದು ಯಾವ ಎಳೆ ಅಂತ ಹ್ಯಾಂಗ ಗೊತ್ತಾಗ್ತದ್ರೀ?"

ಖಚಿತವಾಗಿ ಗೊತ್ತಾಗಬೇಕಾದರೆ ಬಯಾಪ್ಸಿ ಒಂದೇ ದಾರಿ. ತೊಡೆಯ ಹೊರಬದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬರ್ಗ್‌ಸ್ಟ್ರಾಮ್ ಸೂಜಿ ಹಾಕಿ, ಜೋಳದ ಕಾಳಿನಷ್ಟು ಸ್ನಾಯು ತೆಗೆಯುತ್ತಾರೆ. ಅದನ್ನು ತಕ್ಷಣ ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ ಎಳೆಗಳನ್ನು ಎಣಿಸುತ್ತಾರೆ. ಅದರಲ್ಲೂ ಒಂದು ತೊಡಕು. ಅದೇ ಸ್ನಾಯುವಿನಲ್ಲಿ ಸ್ವಲ್ಪ ಪಕ್ಕದಲ್ಲೋ ಸ್ವಲ್ಪ ಆಳದಲ್ಲೋ ಸೂಜಿ ಹಾಕಿದ್ದರೆ ಅಂಕಿ ಬೇರೆ ಬರುತ್ತಿತ್ತು. ಸಂಶೋಧನೆಗೆ ಸರಿ, ಜಿಲ್ಲಾ ಮಟ್ಟದ ಓಟಕ್ಕೆ ಇದನ್ನು ಮಾಡಿಸುವ ಅಗತ್ಯ ಇಲ್ಲ. ಎಂಜಲು ಕೊಟ್ಟು ಜೀನ್ ಪರೀಕ್ಷೆ ಮಾಡಿಸಿ ಅನ್ನುವ ಜಾಹೀರಾತುಗಳೂ ಬರುತ್ತವೆ. ಅವರು ನೋಡುವುದು ಹೆಚ್ಚಾಗಿ ಎಸಿಟಿಎನ್3 ಅನ್ನುವ ಒಂದು ಜೀನ್. ಅಗ್ರ ಸ್ಪ್ರಿಂಟರ್‌ಗಳಲ್ಲಿ ಅದರ ಕೆಲಸ ಮಾಡದ ರೂಪ ಅಪರೂಪ, ಅದು ನಿಜ. ಆದರೆ ಕೆಲಸ ಮಾಡುವ ರೂಪ ಇರುವವರೇ ಲೋಕದಲ್ಲಿ ಜಾಸ್ತಿ, ಅವರೆಲ್ಲ ಸ್ಪ್ರಿಂಟರ್‌ಗಳಲ್ಲ. ದುಡ್ಡು ಉಳಿಸಿ ಒಳ್ಳೆಯ ಶೂ ತಗೊಳ್ಳಿ.

ಮೊಬೈಲಿನಲ್ಲಿ ಒಂದು ಅಂದಾಜು ಸಿಗುತ್ತದೆ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟುಕೊಳ್ಳಿ. ಕ್ರೀಡಾಂಗಣದಲ್ಲಿ 30 ಮೀಟರ್ ವೇಗ ಏರಿಸಿದ ಮೇಲೆ ಬರುವ ಹೆಜ್ಜೆಗಳನ್ನು ಪಕ್ಕದಿಂದ, ಕೆಳಗಿನಿಂದ ಹಿಡಿಯಿರಿ. ಪಾದ ನೆಲದಲ್ಲಿರುವ ಫ್ರೇಮ್‌ಗಳನ್ನು ಎಣಿಸಿ. 24 ಫ್ರೇಮ್ ಅಂದರೆ 0.1 ಸೆಕೆಂಡ್. ಮಾಮೂಲಿ 30 ಫ್ರೇಮ್‌ನ ವಿಡಿಯೋದಲ್ಲಿ ಬರೀ ಮೂರು ಫ್ರೇಮ್ ಸಿಗುತ್ತವೆ, ಅದರಿಂದ ಪ್ರಯೋಜನವಿಲ್ಲ. ಆದರೆ ಈ ಅಂಕಿಯಲ್ಲಿ ರಜ್ಜಿನ ಬಿಗಿತ, ಓಡುವ ಶೈಲಿ ಎಲ್ಲವೂ ಸೇರಿದೆ. ಎಳೆಯ ಶೇಕಡಾವಾರು ಅಂತ ಬರೆದುಕೊಳ್ಳಬೇಡಿ.

ಪೊಲೀಸ್ ಭರ್ತಿಗೆ 1600 ಮೀಟರ್ ಅಭ್ಯಾಸ ಮಾಡುವವರು ಇನ್ನೊಂದು ಕೇಳಿದರು. ದಿನಾ ಅದೇ 1600 ಮೀಟರನ್ನು ಜೋರಾಗಿ ಓಡುತ್ತೇವೆ, ಒಂದು ಹಂತ ಆದ ಮೇಲೆ ಸಮಯ ಇಳಿಯುತ್ತಿಲ್ಲ, ಯಾಕೆ? ಆರು ನಿಮಿಷದ ಆಸುಪಾಸಿನ ಈ ಓಟದಲ್ಲಿ ನಿಧಾನ ಎಳೆಗಳೆಲ್ಲ ಕೆಲಸದಲ್ಲಿರುತ್ತವೆ, 2ಎ ಬಹಳಷ್ಟು ಎದ್ದಿರುತ್ತವೆ. ದಿನಾ ಇದನ್ನೇ ಮಾಡಿದರೆ 2ಎ ಎಳೆಗಳಿಗೆ ಸುಧಾರಿಸಿಕೊಳ್ಳಲು ಹೊತ್ತು ಸಿಗುವುದಿಲ್ಲ. ನಿಧಾನ ಎಳೆಗಳಿಗೆ ಸಿಗುವ ಕೆಲಸವೂ ದಿನಕ್ಕೆ ಆರೇ ನಿಮಿಷ. ವಾರದಲ್ಲಿ ಮೂರು ನಾಲ್ಕು ದಿನ ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ 40ರಿಂದ 60 ನಿಮಿಷ ಓಡಿ. ನಿಧಾನ ಎಳೆಯಲ್ಲಿ ಮೈಟೋಕಾಂಡ್ರಿಯಾ ಹೆಚ್ಚಿದರೆ, ಅದೇ 1600ಕ್ಕೆ 2ಎ ಎಳೆಗಳನ್ನು ಅಷ್ಟು ಬೇಗ ಕರೆಯಬೇಕಾಗುವುದಿಲ್ಲ. ಒಂದೆರಡು ದಿನ ಮಾತ್ರ ಜೋರು. 400 ಮೀಟರ್ ನಾಲ್ಕೈದು ಸಲ, ನಡುವೆ ಪೂರ್ತಿ ಉಸಿರು ತಿರುಗಿಸಿಕೊಂಡು.

ಕೊನೆಯ ಪ್ರಶ್ನೆ ಒಬ್ಬ ಶಿಕ್ಷಕಿಯದ್ದು. ಸ್ಪ್ರಿಂಟ್ ಹುಡುಗಿಯರಿಗೆ ಮೀಟ್‌ಗೆ ಮುಂಚೆ ಅಭ್ಯಾಸ ಇಳಿಸಬೇಕಾ ಅಂತ. ಇಳಿಸಬೇಕು ಮೇಡಂ. ಡೆನ್ಮಾರ್ಕಿನ ಆಂಡರ್ಸನ್ ಮತ್ತು ಆಗಾರ್ಡ್ ಮಾಡಿದ ಒಂದು ಪ್ರಯೋಗ ಇದೆ. ಮೂರು ತಿಂಗಳು ಭಾರ ಎತ್ತಿಸಿದಾಗ ಜನರಲ್ಲಿ 2ಎಕ್ಸ್ ಶೇ. 9ರಿಂದ 2ಕ್ಕೆ ಇಳಿಯಿತು. ಆಮೇಲೆ ಮೂರು ತಿಂಗಳು ಸುಮ್ನೆ ಬಿಟ್ಟಾಗ ಅದು ಹಳೆಯ 9ರಲ್ಲಿ ನಿಲ್ಲಲಿಲ್ಲ, 17ಕ್ಕೆ ಏರಿತು. ಹಾಗಂತ ಮೂರು ತಿಂಗಳು ಮನೆಯಲ್ಲಿ ಕೂರಿಸಬೇಡಿ. ಅಷ್ಟು ಹೊತ್ತಿಗೆ ಎಳೆ ಸೊರಗಿ ಕಟ್ಟಿದ ಬಲವೇ ಹೋಗುತ್ತದೆ. ಕೊನೆಯ ಎರಡು ವಾರ ಓಟದ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ. ಓಡುವ ನಾಲ್ಕೈದು ಸಲವನ್ನು ಮಾತ್ರ ಪೂರ್ತಿ ವೇಗದಲ್ಲೇ ಓಡಿಸಿ, ನಡುವೆ ಐದಾರು ನಿಮಿಷ ಕೂರಿಸಿ. ಇಡೀ ಮೈದಾನ ಹತ್ತು ಸುತ್ತು ಹಾಕಿಸುವ ವಾರ್ಮ್ ಅಪ್ಪನ್ನೂ ಆ ಎರಡು ವಾರ ಬಿಟ್ಟುಬಿಡಿ.